ದುಡ್ಡು ಕಟ್ ಆಗಿದೆ, ಅರ್ಜಿ ಎಲ್ಲಿದೆ?

ಕೆಲಸದಲ್ಲಿದ್ದುಕೊಂಡೇ ಬಿ.ಎ. ಕಟ್ಟುವವರು, ಮದುವೆ ಮಕ್ಕಳ ನಡುವೆ ನಿಂತುಹೋದ ಓದನ್ನು ಮತ್ತೆ ಹಿಡಿಯುವವರು, ಬಡ್ತಿಗೊಂದು ಡಿಗ್ರಿ ಬೇಕೆಂದು ಹೊರಡುವವರು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಾಗಿಲು ತಟ್ಟುತ್ತಾರೆ. ಒಂದು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ. ಇನ್ನೊಂದು 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಎಲ್ಲರ ಬಾಯಲ್ಲೂ ಇಗ್ನೋ. ಇಗ್ನೋಗೆ ದೆಹಲಿಯಲ್ಲಿ ಮುಖ್ಯ ಕಚೇರಿ, ಕರ್ನಾಟಕದಲ್ಲಿ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಸರದಿಯಲ್ಲಿ, ಪ್ರವೇಶ ನಡೆಯುತ್ತದೆ. ಅರ್ಜಿ ಪುಸ್ತಕ ಕೊಂಡು, ಡಿಡಿ ತೆಗೆಸಿ, ರಿಜಿಸ್ಟರ್ಡ್ ಪೋಸ್ಟ್ ಮಾಡಿ ಕಾಯುವ ಕಾಲ ಹೋಗಿದೆ. ಈಗ ಎಲ್ಲವೂ ಪೋರ್ಟಲ್‌ನಲ್ಲಿ.

ಕಾಗದದ ಅರ್ಜಿಗೆ ಒಂದು ಅನುಕೂಲವಿತ್ತು. ಕೌಂಟರಿನಲ್ಲಿ ಕುಳಿತವರು ಅದನ್ನು ತಿರುವಿ ನೋಡಿ, "ಇಲ್ಲಿ ಸಹಿ ಬಿಟ್ಟಿದ್ದೀರಿ ನೋಡಿ" ಎಂದು ಅಲ್ಲೇ ಹೇಳುತ್ತಿದ್ದರು. ಪೋರ್ಟಲ್ ಹಾಗೆ ಹೇಳುವುದಿಲ್ಲ. ಫೈಲು ಹತ್ತಿತೆಂದರೆ ಹಸಿರು ಟಿಕ್ ತೋರಿಸುತ್ತದೆ, ಆ ಫೈಲಿನಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ದುಡ್ಡಿನ ವಿಷಯದಲ್ಲೂ ಹೀಗೆಯೇ: ಬ್ಯಾಂಕು ಹೇಳುವುದು ಒಂದು, ಪೋರ್ಟಲ್ ಹೇಳುವುದು ಇನ್ನೊಂದು ಆಗಬಹುದು. ಅರ್ಜಿದಾರರು ಎಡವುವುದು ಬಹುಮಟ್ಟಿಗೆ ಈ ಎರಡು ಜಾಗಗಳಲ್ಲೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನ ಜಿಲ್ಲೆಯ ಒಬ್ಬ ಅಂಗನವಾಡಿ ಟೀಚರ್ ಎಂದುಕೊಳ್ಳಿ. ಪಿಯುಸಿ ಮುಗಿಸಿ ಬಹಳ ವರ್ಷಗಳಾಗಿವೆ, ಬಿ.ಎ.ಗೆ ಸೇರಬೇಕು. ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ಊರಿನಿಂದ ಸ್ವಲ್ಪ ದೂರದಲ್ಲಿ ಸೈಬರ್ ಸೆಂಟರ್ ಇದೆ. ಅವರು ಮೊದಲು ಹೋಗಬೇಕಾದದ್ದು ಇಗ್ನೋ ಪೋರ್ಟಲ್‌ಗೆ ಎಂದು ತೋರುತ್ತದೆ. ನಿಜವಾಗಿ ಅದಕ್ಕೂ ಹಿಂದೆ ಎರಡು ಮೆಟ್ಟಿಲುಗಳಿವೆ.

2024ರ ಪ್ರವೇಶದಿಂದ ಈಚೆಗೆ, ದೂರಶಿಕ್ಷಣ ಇಲ್ಲವೇ ಆನ್‌ಲೈನ್ ಕೋರ್ಸಿಗೆ ಸೇರುವ ಭಾರತೀಯ ವಿದ್ಯಾರ್ಥಿಗಳೆಲ್ಲ 'ಡೆಬ್ ಐಡಿ' ಮಾಡಿಸಿಕೊಳ್ಳಬೇಕೆಂದು ಯುಜಿಸಿ ಕಡ್ಡಾಯ ಮಾಡಿದೆ. ಯುಜಿಸಿಯ ದೂರಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ ಇದು, `deb.ugc.ac.in` ತಾಣದಲ್ಲಿ ಸಿಗುತ್ತದೆ. ಅನುಮತಿಯಿಲ್ಲದ ಸಂಸ್ಥೆಗಳು ದೂರಶಿಕ್ಷಣದ ಹೆಸರಿನಲ್ಲಿ ಜನರನ್ನು ಸೇರಿಸಿಕೊಳ್ಳುವುದನ್ನು ತಡೆಯಲು ಬಂದ ಏರ್ಪಾಡು. ಅದನ್ನು ಪಡೆಯಲು ಮೊದಲು ಎಬಿಸಿ ಐಡಿ ಬೇಕು. ಶೈಕ್ಷಣಿಕ ಅಂಕಗಳ ಬ್ಯಾಂಕಿನ ಹನ್ನೆರಡು ಅಂಕಿಗಳ ಈ ಸಂಖ್ಯೆ ಡಿಜಿಲಾಕರ್ ಮೂಲಕ ಬರುತ್ತದೆ. ಡಿಜಿಲಾಕರ್ ತೆರೆಯಲು ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ. ಹೀಗಾಗಿ, ಎಂದೋ ಕಳೆದುಹೋದ ಸಿಮ್ಮಿನ ನಂಬರೇ ಆಧಾರ್‌ನಲ್ಲಿ ಉಳಿದುಬಿಟ್ಟಿದ್ದರೆ ಇಡೀ ಸರಪಳಿ ಮೊದಲ ಕೊಂಡಿಯಲ್ಲೇ ನಿಲ್ಲುತ್ತದೆ. ಬಿ.ಎ. ಅರ್ಜಿಯ ಕೆಲಸ ಆಧಾರ್ ಸೇವಾ ಕೇಂದ್ರದ ಸಾಲಿನಲ್ಲಿ ಶುರುವಾಗುವುದು ಇದೇ ಕಾರಣಕ್ಕೆ.

ಮುಂದಿನ ತೊಡಕು ಹೆಸರಿನದು. ಹಳೆ ಮೈಸೂರು ಕಡೆಯವರಿಗಂತೂ ಇದು ತಪ್ಪದ ಕಾಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತವೆ: ಒಂದು ಊರಿನದೋ ಮನೆತನದ್ದೋ, ಇನ್ನೊಂದು ಅಪ್ಪನದು. ಆಧಾರ್ ಮಾಡಿಸುವಾಗ ಯಾರೋ ಇನಿಷಿಯಲ್ ಬಿಟ್ಟಿರುತ್ತಾರೆ, ಇಲ್ಲವೇ ಬಿಡಿಸಿ ಬರೆದಿರುತ್ತಾರೆ. ಮದುವೆಯಾದ ಮೇಲೆ ಗಂಡನ ಹೆಸರೂ ಸೇರಿಕೊಂಡಿರಬಹುದು. ಅಂಕಪಟ್ಟಿಯಲ್ಲಿ `SAVITHA K R`, ಆಧಾರ್‌ನಲ್ಲಿ ಬರೀ `Savita`. ಊರಿನವರಿಗೆ ಇಬ್ಬರೂ ಒಬ್ಬರೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ಅಲ್ಲ.

ಎಬಿಸಿ ಐಡಿಗೆ ಹೆಸರು ಬರುವುದು ಆಧಾರ್‌ನಿಂದ, ಡೆಬ್ ಐಡಿಗೆ ಬರುವುದು ಎಬಿಸಿಯಿಂದ. ಅರ್ಜಿಯಲ್ಲಾದರೋ ಅಂಕಪಟ್ಟಿಯಲ್ಲಿದ್ದಂತೆ ಹೆಸರು ಬರೆಯಬೇಕು, ಮುಂದೆ ಪದವಿ ಪತ್ರದಲ್ಲಿ ಅಚ್ಚಾಗುವುದೂ ಅದೇ. ಎರಡೂ ಬೇರೆಬೇರೆಯಾದರೆ ಪರಿಶೀಲನೆಯಲ್ಲಿ ಪ್ರಶ್ನೆ ಬರುತ್ತದೆ. ಎರಡರಲ್ಲಿ ತಿದ್ದಿಸಲು ಸುಲಭವಾದದ್ದು ಆಧಾರ್. ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಟ್ಟು ಆಧಾರ್‌ನಲ್ಲಿ ಹೆಸರು ಸರಿಮಾಡಿಸಿಕೊಂಡರೆ ಉಳಿದೆಲ್ಲವೂ ಒಂದೇ ದಾರಿಗೆ ಬರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತಿದ್ದಿಸಲು ಹೋಗುವವರು ಓದಿದ ಶಾಲೆಯಿಂದ ಬೆಂಗಳೂರಿನ ಮಂಡಳಿಯವರೆಗೆ ಅಲೆಯಬೇಕಾಗುತ್ತದೆ, ಅಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ. ಆದರೆ ಆಧಾರ್‌ನಲ್ಲೂ ಹೆಸರು ಬದಲಾವಣೆಗೆ ಮಿತಿಯಿದೆ, ಇಡೀ ಜೀವಮಾನಕ್ಕೆ ಎರಡೇ ಸಲ. ಆದ್ದರಿಂದ ಸ್ಪೆಲಿಂಗನ್ನು ಅಂಕಪಟ್ಟಿ ಮುಂದಿಟ್ಟುಕೊಂಡೇ ಹೇಳಿ ಬರೆಸಬೇಕು.

ಇಷ್ಟಾದ ಮೇಲೆ `ignouadmission.samarth.edu.in`. ವಿಳಾಸದ ಕೊನೆಯಲ್ಲಿ `samarth.edu.in` ಎಂದಿರುವುದನ್ನು ನೋಡಿ ಇದು ಯಾವುದೋ ಬೇರೆ ತಾಣವೆಂದು ಹಿಂದೆ ಸರಿಯುವವರಿದ್ದಾರೆ. ಸಮರ್ಥ್ ಎಂಬುದು ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆ, ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಕ್ಯಾಂಪಸ್‌ನಲ್ಲಿ ಸಿದ್ಧವಾದ ತಂತ್ರಾಂಶ. ಅನೇಕ ವಿಶ್ವವಿದ್ಯಾಲಯಗಳು ಇದನ್ನೇ ಬಳಸುತ್ತವೆ. ಅನುಮಾನ ಪಡಬೇಕಾದದ್ದು, ಹುಡುಕಿದಾಗ ಮೇಲ್ಗಡೆ ಜಾಹೀರಾತಾಗಿ ಬರುವ, "ಪ್ರವೇಶ ಮಾಡಿಸಿಕೊಡುತ್ತೇವೆ" ಎನ್ನುವ ತಾಣಗಳ ಮೇಲೆ. ಇಗ್ನೋದ ಮುಖ್ಯ ತಾಣ `ignou.ac.in` ತೆರೆದು ಅಲ್ಲಿಂದ ಪ್ರವೇಶದ ಕೊಂಡಿ ಒತ್ತಿದರೆ ದಾರಿ ತಪ್ಪುವುದಿಲ್ಲ.

ಖಾತೆ ತೆರೆಯುವುದು ಸ್ವತಃ ಕಷ್ಟದ್ದಲ್ಲ. ಹೆಸರು, ಇ-ಮೇಲ್, ಮೊಬೈಲ್, ಬಳಕೆದಾರರ ಹೆಸರು, ಪಾಸ್‌ವರ್ಡ್. ಎಡವಟ್ಟಾಗುವುದು ಯಾರ ಇ-ಮೇಲ್, ಯಾರ ಮೊಬೈಲ್ ಎಂಬಲ್ಲಿ.

ಸೈಬರ್ ಸೆಂಟರ್‌ಗೆ ಹೋದರೆ ಹುಡುಗ ಕೇಳುತ್ತಾನೆ: "ಅಕ್ಕಾ, ಮೇಲ್ ಐಡಿ ಇದೆಯಾ?" ಇಲ್ಲ ಎಂದರೆ, "ಪರವಾಗಿಲ್ಲ ಬಿಡಿ, ನಮ್ಮದೇ ಹಾಕ್ತೀನಿ." ಅವನ ಮಟ್ಟಿಗೆ ಅದು ಉಪಕಾರವೇ. ಸಾಲಿನಲ್ಲಿ ಇನ್ನೂ ಹತ್ತು ಜನ ನಿಂತಿರುತ್ತಾರೆ. ಆದರೆ ಮುಂದೆ ಬರುವ ಸಮಾಚಾರವೆಲ್ಲ, ಅಂದರೆ ದಾಖಲೆಯಲ್ಲಿ ದೋಷವಿದೆ, ಸರಿಪಡಿಸಿ ಎಂಬ ಸೂಚನೆಯಿಂದ ಹಿಡಿದು ಪ್ರವೇಶ ಖಾತ್ರಿಯಾಗಿದೆ ಎಂಬ ಸುದ್ದಿಯವರೆಗೆ, ಅವನ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಪಾಸ್‌ವರ್ಡ್ ಮರೆತರೆ ಹೊಸದನ್ನು ಮಾಡಿಕೊಳ್ಳುವ ಕೊಂಡಿಯೂ ಅಲ್ಲಿಗೇ. ಅಂಗಡಿ ಮುಚ್ಚಿದರೆ, ಹುಡುಗ ಕೆಲಸ ಬಿಟ್ಟರೆ ಮುಗಿಯಿತು. ಇ-ಮೇಲ್ ಇಲ್ಲದಿದ್ದರೆ ಅಲ್ಲೇ ತಮ್ಮ ಫೋನಿನಲ್ಲಿ ಒಂದು ತೆರೆಯುವುದಕ್ಕೆ ಹತ್ತು ನಿಮಿಷ ಸಾಕು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಮನೆಯ ಡೈರಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಸಮೇತ ಬರೆದಿಡುವುದು ಹಳೆಯ ಕಾಲದ ಅಭ್ಯಾಸವಾದರೂ ಇಲ್ಲಿ ಒಳ್ಳೆಯದೇ.

ಮರೆತವರು ಸಾಮಾನ್ಯವಾಗಿ ಇನ್ನೊಂದು ಖಾತೆ ತೆರೆಯುತ್ತಾರೆ. ಅದು ಬೇರೆ ತಾಪತ್ರಯ. ಒಂದರಲ್ಲಿ ದಾಖಲೆ, ಇನ್ನೊಂದರಲ್ಲಿ ಶುಲ್ಕ ಎಂದಾದರೆ ಯಾವ ಅರ್ಜಿಯೂ ಪೂರ್ತಿಯಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗಂತೂ ಇದು ಅಪಾಯಕಾರಿ. ಶುಲ್ಕ ವಿನಾಯಿತಿ ಒಂದು ಸರದಿಯಲ್ಲಿ ಒಂದೇ ಕೋರ್ಸಿಗೆ. ವಿನಾಯಿತಿ ಕೇಳಿ ಒಂದಕ್ಕಿಂತ ಹೆಚ್ಚು ಅರ್ಜಿ ಹಾಕಿದರೆ ಎಲ್ಲವೂ ತಿರಸ್ಕೃತವಾಗಬಹುದೆಂದು ಇಗ್ನೋ ನಿಯಮದಲ್ಲೇ ಇದೆ.

ಇನ್ನು ದಾಖಲೆ. ಫೋಟೊ, ಸಹಿ ತಲಾ 100 ಕೆಬಿಗಿಂತ ಕಡಿಮೆ. ವಯಸ್ಸಿನ ದಾಖಲೆ, ವಿದ್ಯಾರ್ಹತೆಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಬಿಪಿಎಲ್ ಕಾರ್ಡು ಇವೆಲ್ಲ ತಲಾ 200 ಕೆಬಿಗಿಂತ ಕಡಿಮೆ. ಈಗಿನ ಫೋನಿನಲ್ಲಿ ಒಂದು ಅಂಕಪಟ್ಟಿಯ ಫೋಟೊ ತೆಗೆದರೆ ಅದೇ ಮೂರು ನಾಲ್ಕು ಎಂಬಿ ಆಗುತ್ತದೆ, ಅಂದರೆ ಮಿತಿಯ ಹದಿನೈದು ಇಪ್ಪತ್ತು ಪಟ್ಟು. ಪೋರ್ಟಲ್ ಅದನ್ನು ಒಪ್ಪುವುದಿಲ್ಲ. ಕುಗ್ಗಿಸಬೇಕು, ಕೆಡುವುದೂ ಅಲ್ಲೇ.

ಅಂತರ್ಜಾಲದಲ್ಲಿ ಸಿಗುವ ಕುಗ್ಗಿಸುವ ತಾಣಕ್ಕೆ ಹಾಕಿ '50 ಕೆಬಿ' ಎಂದು ಒತ್ತಿದರೆ ಫೈಲು ಕುಗ್ಗುತ್ತದೆ, ಅಂಕಗಳೂ ಮಸುಕಾಗುತ್ತವೆ. 3 ಇರುವಲ್ಲಿ 8 ಕಾಣುತ್ತದೆ, ರಿಜಿಸ್ಟರ್ ನಂಬರ್ ಕಲೆಯಾಗಿ ಉಳಿಯುತ್ತದೆ. ಪೋರ್ಟಲ್ ಖುಷಿಯಿಂದ ತೆಗೆದುಕೊಳ್ಳುತ್ತದೆ, ಯಾಕೆಂದರೆ ಅದು ನೋಡುವುದು ತೂಕವನ್ನು ಮಾತ್ರ. ವಾರಗಳು ಕಳೆದ ಮೇಲೆ ಪ್ರಾದೇಶಿಕ ಕೇಂದ್ರದಲ್ಲಿ ಮನುಷ್ಯರು ತೆರೆದು ನೋಡಿದಾಗ ಓದಲು ಬಾರದೆ ಬದಿಗಿಡುತ್ತಾರೆ. ಮಿತಿ 200 ಕೆಬಿ ಇದ್ದರೆ 180ರ ಆಸುಪಾಸಿಗೆ ತರಬೇಕು, 50ಕ್ಕಲ್ಲ. ಸ್ಕ್ಯಾನರ್ ಇದ್ದರೆ ಬಣ್ಣ ಬಿಟ್ಟು ಬೂದು ಛಾಯೆಯಲ್ಲಿ, ಅಂಗುಲಕ್ಕೆ 150 ಚುಕ್ಕೆಗಳ ಮಟ್ಟದಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಎ4 ಹಾಳೆ ಸಾಮಾನ್ಯವಾಗಿ ಈ ಮಿತಿಯ ಹತ್ತಿರಕ್ಕೆ ಬರುತ್ತದೆ, ಅಕ್ಷರವೂ ನಿಚ್ಚಳವಾಗಿರುತ್ತದೆ. ಫೋನೇ ಗತಿಯಾದರೆ ಹಗಲು ಬೆಳಕಿನಲ್ಲಿ, ಲ್ಯಾಮಿನೇಷನ್ ಹೊಳಪು ಬೀಳದಂತೆ ಕಿಟಕಿಗೆ ಓರೆಯಾಗಿಟ್ಟು, ಸ್ಕ್ಯಾನ್ ಆ್ಯಪ್‌ನಲ್ಲಿ ತೆಗೆದು, ಟೇಬಲ್ಲು ನೆಲ ಕಾಣುವ ಅಂಚುಗಳನ್ನು ಕತ್ತರಿಸಬೇಕು. ಅಂಚು ಕತ್ತರಿಸಿದರೇ ಅರ್ಧ ತೂಕ ಇಳಿಯುತ್ತದೆ.

ಅಪ್‌ಲೋಡ್ ಆದ ಮೇಲೆ ಒಂದು ಕೆಲಸವನ್ನು ಬಹಳ ಜನ ಬಿಡುತ್ತಾರೆ: ಅಲ್ಲೇ ಇರುವ ಕೊಂಡಿ ಒತ್ತಿ, ಪೋರ್ಟಲ್‌ನಲ್ಲಿ ಉಳಿದಿರುವ ಪ್ರತಿಯನ್ನು ತೆರೆದು ನೋಡುವುದು. ತಮ್ಮ ಫೋನಿನಲ್ಲಿರುವ ಫೈಲನ್ನಲ್ಲ, ಅಲ್ಲಿರುವುದನ್ನು. ಪಿಯುಸಿ ಅಂಕಪಟ್ಟಿಯ ಜಾಗದಲ್ಲಿ ಎಸ್ಸೆಸ್ಸೆಲ್ಸಿಯದು ಕೂತಿರುವುದು, ಎರಡು ಪುಟದ ದಾಖಲೆಯಲ್ಲಿ ಒಂದೇ ಪುಟ ಹೋಗಿರುವುದು, ಹಾಳೆ ಅಡ್ಡ ಬಿದ್ದಿರುವುದು ಸಿಕ್ಕಿಬೀಳುವುದು ಆಗಲೇ. ರಿಜಿಸ್ಟರ್ ನಂಬರನ್ನು ತೆರೆಯ ಮೇಲೆ ಹಿಗ್ಗಿಸದೆ ಓದಲು ಬಂದರೆ ಅದು ಪಾಸು. ಸಹಿಯ ಜಾಗದಲ್ಲಿ ಇಂಗ್ಲಿಷ್ ದಪ್ಪಕ್ಷರದಲ್ಲಿ ಹೆಸರು ಟೈಪ್ ಮಾಡಿ ಹಾಕುವವರೂ ಇದ್ದಾರೆ. ಬೇಕಾದದ್ದು ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಮಾಡಿದ ಸಹಿ, ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ.

ಕರ್ನಾಟಕದವರಿಗೆ ಇನ್ನೊಂದು ಪ್ರತ್ಯೇಕ ಗಂಟು ಹಿಂದುಳಿದ ವರ್ಗದ ಪ್ರಮಾಣಪತ್ರ. ನಾಡಕಚೇರಿಯಿಂದ ಬರುವ 2ಎ, 3ಬಿ ಮುಂತಾದ ಪ್ರಮಾಣಪತ್ರ ರಾಜ್ಯದ ಮೀಸಲಾತಿಗೆ ಸಂಬಂಧಿಸಿದ್ದು. ಇಗ್ನೋ ಕೇಂದ್ರದ ವಿಶ್ವವಿದ್ಯಾಲಯ, ಅಲ್ಲಿ ಒಬಿಸಿ ಎಂದರೆ ಕೇಂದ್ರದ ಪಟ್ಟಿಯಲ್ಲಿರುವ ಜಾತಿ, ಕೇಂದ್ರದ ನಮೂನೆಯ ಪ್ರಮಾಣಪತ್ರ, ಕೆನೆಪದರಕ್ಕೆ ಸೇರಿಲ್ಲವೆಂಬ ಮಾತು ಸಹಿತ. ಅದನ್ನೂ ತಹಶೀಲ್ದಾರ್ ಕಚೇರಿಯೇ ಕೊಡುತ್ತದೆ, ಆದರೆ ಕೇಂದ್ರ ಸರ್ಕಾರದ ಉದ್ದೇಶಕ್ಕೆ ಎಂದು ಬೇರೆಯಾಗಿ ಅರ್ಜಿ ಹಾಕಬೇಕು. ಆರ್‌ಡಿ ನಂಬರ್ ಇರುವ ರಾಜ್ಯದ ಪ್ರತಿಯನ್ನೇ ಏರಿಸಿದರೆ ಪೋರ್ಟಲ್ ಸುಮ್ಮನಿರುತ್ತದೆ, ಪರಿಶೀಲಿಸುವವರು ಸುಮ್ಮನಿರುವುದಿಲ್ಲ.

ದಾಖಲೆ ಮುಗಿದ ಮೇಲೆ ಅರ್ಜಿಯ ಪೂರ್ವನೋಟ ಬರುತ್ತದೆ. ಹೆಸರು, ಜನ್ಮದಿನಾಂಕ, ಕೋರ್ಸು, ಮಾಧ್ಯಮ, ಪ್ರಾದೇಶಿಕ ಕೇಂದ್ರ, ಅಧ್ಯಯನ ಕೇಂದ್ರ ಇಷ್ಟನ್ನೂ ಒಂದೊಂದಾಗಿ ಓದಬೇಕಾದ ಘಳಿಗೆ ಇದು. ಶುಲ್ಕ ಕಟ್ಟಿದ ಮೇಲೆ ಅರ್ಜಿದಾರರೇ ತಿದ್ದುವ ಅವಕಾಶವನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ಕಾಣುವ ಕಂಟ್ರೋಲ್ ನಂಬರನ್ನು ಬರೆದಿಟ್ಟುಕೊಳ್ಳಬೇಕು. ಎನ್‌ರೋಲ್‌ಮೆಂಟ್ ನಂಬರ್ ಸಿಗುವವರೆಗೆ ಅರ್ಜಿಯ ಗುರುತು ಅದೊಂದೇ.

ಈಗ ದುಡ್ಡು. ನಮ್ಮ ಟೀಚರ್ ರಾತ್ರಿ ಹತ್ತು ಗಂಟೆಗೆ, ಮಕ್ಕಳು ಮಲಗಿದ ಮೇಲೆ, ಯುಪಿಐನಲ್ಲಿ ಶುಲ್ಕ ಕಟ್ಟಲು ಕೂರುತ್ತಾರೆ. ಪಿನ್ ಒತ್ತುತ್ತಾರೆ. ಬ್ಯಾಂಕಿನಿಂದ ದುಡ್ಡು ಕಟ್ ಆದ ಮೆಸೇಜು ಬರುತ್ತದೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಪರದೆ ಬಿಳಿಯಾಗುತ್ತದೆ. ಮತ್ತೆ ಲಾಗಿನ್ ಆದರೆ ಪೋರ್ಟಲ್‌ನಲ್ಲಿ ಶುಲ್ಕ ಬಾಕಿ ಎಂದೇ ಇದೆ, ಪಕ್ಕದಲ್ಲಿ 'ಪಾವತಿಸಿ' ಎಂಬ ಗುಂಡಿ ಕಾಯುತ್ತಿದೆ.

ಏನಾಯಿತು? ದುಡ್ಡು ಅವರ ಖಾತೆಯಿಂದ ನೇರ ಇಗ್ನೋಗೆ ಹೋಗುವುದಿಲ್ಲ. ನಡುವೆ ಪೇಮೆಂಟ್ ಗೇಟ್‌ವೇ ಇದೆ. ಬ್ಯಾಂಕು ಗೇಟ್‌ವೇಗೆ 'ಬಂತು' ಎನ್ನಬೇಕು, ಗೇಟ್‌ವೇ ಪೋರ್ಟಲ್‌ಗೆ 'ಬಂತು' ಎನ್ನಬೇಕು. ಈ ಎರಡನೆಯ ಮಾತು ಬಹಳ ಸಲ ಅರ್ಜಿದಾರರ ಬ್ರೌಸರಿನ ಮೂಲಕವೇ ಹಾದುಹೋಗುತ್ತದೆ. "ದಯವಿಟ್ಟು ಪುಟ ಮುಚ್ಚಬೇಡಿ, ಹಿಂದಕ್ಕೆ ಒತ್ತಬೇಡಿ" ಎಂದು ಪರದೆ ಬೇಡಿಕೊಳ್ಳುವುದು ಅದಕ್ಕೇ. ಆ ಕ್ಷಣದಲ್ಲಿ ಸಂಪರ್ಕ ಕಡಿದರೆ ದುಡ್ಡು ಹೋಗಿರುತ್ತದೆ, ಸುದ್ದಿ ತಲುಪಿರುವುದಿಲ್ಲ. ಆಮೇಲೆ ಎರಡೂ ಕಡೆಯ ಲೆಕ್ಕ ತಾಳೆ ನೋಡಿದಾಗ ಬಿಟ್ಟುಹೋದ ಪಾವತಿಗಳು ಹೊಂದಿಕೊಳ್ಳುತ್ತವೆ. ಇದು ಕೆಲವೊಮ್ಮೆ ಅರ್ಧ ಗಂಟೆಯಲ್ಲಿ, ಕೆಲವೊಮ್ಮೆ ಮರುದಿನ ನಡೆಯುತ್ತದೆ.

ಇಗ್ನೋ ತನ್ನ ಸೂಚನೆಗಳಲ್ಲಿ ಹೇಳಿರುವುದೂ ಇದನ್ನೇ: ದುಡ್ಡು ಕಟ್ ಆಗಿ ಸ್ಥಿತಿ ಬದಲಾಗದಿದ್ದರೆ ಒಂದು ದಿನ ಕಾದು, ಮತ್ತೆ ಪಾವತಿಯ ಸ್ಥಿತಿ ನೋಡಿ, ಆಮೇಲೆ ಮುಂದುವರಿಯಿರಿ. ಆದರೆ ಬಾಕಿ ಎಂದು ಕಂಡ ಕೂಡಲೇ ಗಾಬರಿಯಿಂದ ಇನ್ನೊಂದು ಸಲ ಕಟ್ಟುವವರೇ ಹೆಚ್ಚು. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಯಶಸ್ವಿ! ಹೆಚ್ಚುವರಿ ಮೊತ್ತವನ್ನು ಕಟ್ಟಿದ ಖಾತೆಗೇ ಮರಳಿಸುವುದಾಗಿ ಇಗ್ನೋ ಹೇಳುತ್ತದೆ, ಆದರೆ ಅದು ತನ್ನಷ್ಟಕ್ಕೆ ತಾನು ನಡೆಯುವ ವೇಗದಲ್ಲೇ ಬರುತ್ತದೆ. ತಿಂಗಳ ಕೊನೆಯಲ್ಲಿ ಆ ದುಡ್ಡು ಬೇಕಿದ್ದವರಿಗೆ ಆ ಭರವಸೆಯಿಂದ ಹೊಟ್ಟೆ ತುಂಬುವುದಿಲ್ಲ.

ಒಂದು ದಿನ ಕಳೆದರೂ ಸ್ಥಿತಿ ಬದಲಾಗದಿದ್ದರೆ ಏನು? ಇಲ್ಲಿ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ನೆರವಿಗೆ ಬರುತ್ತದೆ. ಯುಪಿಐ ಅಥವಾ ಕಾರ್ಡಿನಿಂದ ಆನ್‌ಲೈನ್ ಪಾವತಿ ಮಾಡಿ, ಖಾತೆಯಿಂದ ದುಡ್ಡು ಕಡಿತವಾಗಿ, ಪಡೆಯಬೇಕಾದವರ ಕಡೆಗೆ ಖಚಿತ ಸುದ್ದಿ ಹೋಗದಿದ್ದರೆ, ವ್ಯವಹಾರ ನಡೆದ ದಿನದಿಂದ ಐದು ದಿನಗಳ ಒಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಗ್ರಾಹಕರು ಕೇಳದೆಯೇ ಕೊಡಬೇಕು. ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನವಾದರೂ ಉತ್ತರವಿಲ್ಲದಿದ್ದರೆ `cms.rbi.org.in` ತಾಣದಲ್ಲಿ ಓಂಬುಡ್ಸ್‌ಮನ್‌ಗೆ ದೂರಬಹುದು.

ಆದ್ದರಿಂದ ಟೀಚರ್ ಮಾಡಬೇಕಾದ ಕೆಲಸ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವುದು. ದುಡ್ಡು ಮರಳಿ ಬಂದಿದ್ದರೆ ಆ ಪಾವತಿ ಸತ್ತಿತು, ನಿಶ್ಚಿಂತೆಯಿಂದ ಮತ್ತೆ ಕಟ್ಟಬಹುದು. ಮರಳಿಲ್ಲ, ಪೋರ್ಟಲ್‌ನಲ್ಲೂ ಬಾಕಿ ಎಂದಿದ್ದರೆ ಪತ್ರ ಬರೆಯಬೇಕು. ಅದರಲ್ಲಿ ಕಂಟ್ರೋಲ್ ನಂಬರ್, ದಿನಾಂಕ, ಸಮಯ, ಮೊತ್ತ, ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದರೆ ಸಿಗುವ ಹನ್ನೆರಡು ಅಂಕಿಗಳ ಯುಟಿಆರ್ ಸಂಖ್ಯೆ ಇರಬೇಕು. ಗೇಟ್‌ವೇ ಕೊಡುವ ಟ್ರಾನ್ಸಾಕ್ಷನ್ ಐಡಿ ಬೇರೆ, ಇದು ಬೇರೆ. ಬ್ಯಾಂಕಿನವರಿಗೆ ಅರ್ಥವಾಗುವುದು ಯುಟಿಆರ್ ಮಾತ್ರ. "ದುಡ್ಡು ಹೋಗಿದೆ, ಸರಿಮಾಡಿ" ಎಂದಷ್ಟೇ ಬರೆದ ಇ-ಮೇಲಿಗೆ ಬರುವ ಮೊದಲ ಉತ್ತರ, ಈ ವಿವರ ಕಳಿಸಿ ಎಂಬುದು. ಅದರಲ್ಲೇ ಎರಡು ದಿನ ಹೋಗುತ್ತದೆ.

ಕೊನೆಯ ದಿನ ರಾತ್ರಿ ಹನ್ನೊಂದೂವರೆಗೆ ಹೀಗಾದರೆ ಒಂದು ದಿನ ಕಾಯಿರಿ ಎಂಬ ಮಾತಿಗೆ ಅರ್ಥವಿಲ್ಲ. ಇಗ್ನೋ ಕೊನೆಯ ದಿನಾಂಕವನ್ನು ಮುಂದೂಡುವುದು ಅಪರೂಪವಲ್ಲ, ಆದರೆ ಅದನ್ನು ನಂಬಿ ಕೂರುವಂತಿಲ್ಲ. ಆಗ ಇನ್ನೊಂದು ಸಲ ಕಟ್ಟಿ, ಎರಡನೆಯದನ್ನು ಆಮೇಲೆ ವಾಪಸ್ ಪಡೆಯುವುದೇ ದಾರಿ. ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಶುಲ್ಕ ಕಟ್ಟಿದ್ದರೆ ಆ ಐದು ದಿನಗಳ ನಿಯಮ ಕೆಲಸಕ್ಕೆ ಬರುತ್ತಿತ್ತು.

ಶುಲ್ಕ ಯಶಸ್ವಿ ಎಂದು ಕಂಡರೆ ರಸೀದಿ ಮತ್ತು ಭರ್ತಿಯಾದ ಅರ್ಜಿಯ ಪಿಡಿಎಫ್ ಇಳಿಸಿಟ್ಟುಕೊಳ್ಳಬೇಕು. ಪ್ರವೇಶ ಇನ್ನೂ ಆಗಿಲ್ಲ, ಅರ್ಜಿ ಈಗ ಪ್ರಾದೇಶಿಕ ಕೇಂದ್ರದ ಪರಿಶೀಲನೆಗೆ ಹೋಗಿದೆ, ಅಷ್ಟೆ. ಈ ಹಂತದಲ್ಲಿ ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ಸ್ಥಿತಿ ನೋಡುವುದು ಅಗತ್ಯ, ಯಾಕೆಂದರೆ ದೋಷ ಕಂಡರೆ ಬರುವ ಇ-ಮೇಲ್ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರಬಹುದು. ತೆರೆಯ ಮೇಲೆ `Discrepancy` ಎಂದು ಕಂಡರೆ ಅರ್ಜಿ ತಿರಸ್ಕೃತವಾಯಿತೆಂದು ಅರ್ಥವಲ್ಲ. ಯಾವ ದಾಖಲೆ ಸರಿಯಿಲ್ಲ, ಏನು ಕೊರತೆ ಎಂದು ಅದರ ಜೊತೆಗೇ ಬರೆದಿರುತ್ತಾರೆ. ಅಷ್ಟನ್ನು ಮಾತ್ರ, ಅದೇ ಖಾತೆಯಿಂದ, ಹೇಳಿದ ಗಡುವಿನೊಳಗೆ ಮತ್ತೆ ಏರಿಸಬೇಕು. ಗಡುವು ದಾಟಿದರೆ ತಿರಸ್ಕಾರ ಖಂಡಿತ ಎಂದೇ ಲೆಕ್ಕ.

ಪರಿಶೀಲನೆ ದಾಟಿದ ಅರ್ಜಿಗೆ ಎನ್‌ರೋಲ್‌ಮೆಂಟ್ ನಂಬರ್ ಬರುತ್ತದೆ, ಗುರುತಿನ ಚೀಟಿಯನ್ನು ಪೋರ್ಟಲ್‌ನಿಂದಲೇ ಇಳಿಸಿಕೊಳ್ಳಬಹುದು. ಕಂಟ್ರೋಲ್ ನಂಬರಿನ ಕೆಲಸ ಅಲ್ಲಿಗೆ ಮುಗಿಯಿತು. ಮುಂದೆ ಪುಸ್ತಕಕ್ಕೆ, ಅಸೈನ್‌ಮೆಂಟ್‌ಗೆ, ಪರೀಕ್ಷಾ ಅರ್ಜಿಗೆ ಎಲ್ಲಕ್ಕೂ ಹೊಸ ನಂಬರೇ. ಎರಡನೆಯ ವರ್ಷಕ್ಕೆ ಹೋಗುವಾಗ ಈ ಪ್ರವೇಶ ಪೋರ್ಟಲ್‌ಗೆ ಮತ್ತೆ ಬರುವ ಹಾಗಿಲ್ಲ, ಅದಕ್ಕೆ ಮರುನೋಂದಣಿ ಎಂದು ಪ್ರತ್ಯೇಕ ಜಾಗವಿದೆ, ಎನ್‌ರೋಲ್‌ಮೆಂಟ್ ನಂಬರ್ ಹಾಕಿಯೇ ಒಳಗೆ ಹೋಗಬೇಕು. ಹಳೆಯ ಅಭ್ಯಾಸದಿಂದ ಇಲ್ಲಿಗೇ ಬಂದು ಹೊಸ ಖಾತೆ ತೆರೆದು ಶುಲ್ಕ ಕಟ್ಟಿದವರಿಗೆ ಎರಡನೆಯ ವರ್ಷ ಸಿಗುವುದಿಲ್ಲ, ಮತ್ತೊಂದು ಮೊದಲನೆಯ ವರ್ಷದ ಅರ್ಜಿ ಹುಟ್ಟುತ್ತದೆ.